ಇಪ್ಪತ್ತನೇ ತಾರೀಖು ಕಳೆದ ಮೇಲೆ ಒಂದು ರಜೆ

ಇರುವ ಕೆಲಸದಲ್ಲಿದ್ದುಕೊಂಡೇ ಇನ್ನೊಂದು ಕೆಲಸ ಹುಡುಕುವುದು ತಪ್ಪಲ್ಲ. ಆದರೂ ಅದನ್ನು ಗುಟ್ಟಾಗಿಯೇ ಮಾಡಬೇಕು ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. "ಅವರು ಬೇರೆ ಕಡೆ ನೋಡ್ತಿದ್ದಾರಂತೆ" ಎಂಬ ಮಾತು ಮಾಲೀಕರ ಕಿವಿಗೆ ಬಿದ್ದ ದಿನದಿಂದ ಆಫೀಸಿನ ಗಾಳಿಯೇ ಬದಲಾಗುತ್ತದೆ. ಬರಬೇಕಿದ್ದ ಇನ್‌ಕ್ರಿಮೆಂಟ್ ಮುಂದಕ್ಕೆ ಹೋಗುತ್ತದೆ, ಮುಖ್ಯವಾದ ಕೆಲಸ ಪಕ್ಕದ ಮೇಜಿಗೆ ಸರಿಯುತ್ತದೆ. ಕೊನೆಗೆ ಹೊಸ ಕೆಲಸ ಸಿಗದೇ ಹೋದರೆ, ಬಿಡಲು ಹೊರಟವರು ಎಂಬ ಹಣೆಪಟ್ಟಿ ಹೊತ್ತು ಅಲ್ಲೇ ವರ್ಷಗಟ್ಟಲೆ ಕೂರಬೇಕಾಗುತ್ತದೆ.

ಈ ವಿಷಯ ಬಂದಾಗಲೆಲ್ಲ ಐಟಿ ಕಂಪನಿಗಳ ಮಾತೇ ಹೆಚ್ಚು. ನಾನು ಬೇಕೆಂದೇ ಬೇರೆ ಕಡೆಗೆ ಹೋಗುತ್ತೇನೆ. ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಒಂದು ಕಾರ್ಖಾನೆ, ಅಲ್ಲಿ ಏಳೆಂಟು ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿರುವ ಒಬ್ಬ ಅಕೌಂಟ್ಸ್ ಎಕ್ಸಿಕ್ಯೂಟಿವ್ ಇದ್ದಾರೆ ಎಂದುಕೊಳ್ಳೋಣ. ಬೆಳಿಗ್ಗೆ ಒಂಬತ್ತಕ್ಕೆ ಬೆರಳಚ್ಚು ಒತ್ತಿ ಒಳಗೆ ಹೋದರೆ ಸಂಜೆ ಐದೂವರೆಗೆ ಬಿಡುಗಡೆ. ಶನಿವಾರವೂ ಕೆಲಸ. ನೋಟಿಸ್ ಅವಧಿ 60 ದಿನ. ಆಕೆಗೆ ಬೊಮ್ಮಸಂದ್ರದ ಕಡೆಯ ಒಂದು ಕಂಪನಿಯಲ್ಲಿ ಇನ್ನೂ ದೊಡ್ಡ ಜವಾಬ್ದಾರಿಯ ಕೆಲಸ ಬೇಕಾಗಿದೆ. ಮನೆಯಿಂದ ಕೆಲಸ ಮಾಡುವ ಅನುಕೂಲವಿಲ್ಲದ, ಎಲ್ಲರೂ ಎಲ್ಲರನ್ನೂ ಬಲ್ಲ ಇಂಥ ಜಾಗದಲ್ಲೇ ಗುಟ್ಟು ಕಾಯುವುದು ಕಷ್ಟ. ಅಲ್ಲಿ ನಡೆಯುವ ದಾರಿ ಬೇರೆ ಕಡೆಯೂ ನಡೆಯುತ್ತದೆ.

ಸುದ್ದಿ ಸೋರುವ ಜಾಗಗಳು

ಅಕೌಂಟ್ಸ್ ವಿಭಾಗದಲ್ಲಿರುವವರಿಗೆ ಒಂದು ವಿಶೇಷ ತೊಂದರೆಯಿದೆ. ಅವರ ಬಳಿಗೆ ಬರುವ ಆಡಿಟರ್ ಕಚೇರಿಯ ಹುಡುಗರು, ಜಿಎಸ್‌ಟಿ ಸಲಹೆಗಾರರು, ಟ್ಯಾಲಿ ರಿಪೇರಿಯವರು, ಬ್ಯಾಂಕಿನವರು ಎಲ್ಲರೂ ಹತ್ತು ಕಾರ್ಖಾನೆಗಳಿಗೆ ಹೋಗಿ ಬರುವವರು. "ಎಲ್ಲಾದರೂ ಒಳ್ಳೆ ಓಪನಿಂಗ್ ಇದ್ದರೆ ಹೇಳಿ" ಎಂದು ಅವರಲ್ಲೊಬ್ಬರ ಕಿವಿಯಲ್ಲಿ ಹೇಳುವುದು ತುಂಬ ಸಹಜವಾದ ಆಸೆ. ಆದರೆ ಆ ಆಡಿಟರ್‌ಗೆ ಶುಲ್ಕ ಕೊಡುವವರು ಮಾಲೀಕರು. ಅವರ ನಂಟು ಮಾಲೀಕರ ಜೊತೆಗೇ ಹೊರತು ಆಕೆಯ ಜೊತೆಗಲ್ಲ. ಪಕ್ಕದ ಮೇಜಿನ ಗೆಳತಿಯ ವಿಷಯವೂ ಅಷ್ಟೇ. ಆಕೆ ಕೆಟ್ಟವಳೆಂದಲ್ಲ. ಸುದ್ದಿ ತಿಳಿದ ಮೇಲೆ ನಾಳೆ ಯಾರಾದರೂ ಕೇಳಿದಾಗ ಆಕೆಯೂ ಸುಳ್ಳು ಹೇಳಬೇಕಾಗುತ್ತದೆ, ಆ ಭಾರವನ್ನು ಅವಳ ಮೇಲೆ ಹೊರಿಸುವುದು ನ್ಯಾಯವಲ್ಲ. ಆಫರ್ ಕೈಗೆ ಬರುವವರೆಗೆ ಮನೆಯವರಿಗೆ ಮತ್ತು ಹಿಂದಿನ ಕಂಪನಿಯ ಒಬ್ಬ ಹಳೆಯ ಮೇಲಧಿಕಾರಿಗೆ ತಿಳಿದಿದ್ದರೆ ಸಾಕು. ಆ ಹಳೆಯ ಅಧಿಕಾರಿ ಬೇಕಾಗುವುದು ರೆಫರೆನ್ಸ್‌ಗೆ.

ಎರಡನೆಯ ಜಾಗ ನೌಕರಿ ಜಾಲತಾಣ. ನೌಕ್ರಿ ಡಾಟ್ ಕಾಮ್‌ನಂಥ ಕಡೆ ರೆಸ್ಯೂಮೆ ಏರಿಸಿದರೆ, ಹಣ ಕಟ್ಟಿ ಆ ರೆಸ್ಯೂಮೆಗಳ ಭಂಡಾರ ಹುಡುಕುವ ಕಂಪನಿಗಳಿಗೆಲ್ಲ ಅದು ಕಾಣುತ್ತದೆ. ನಮ್ಮ ಎಚ್‌ಆರ್ ನಮ್ಮನ್ನು ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾರೆ ಎಂದು ಹಲವರು ಹೆದರುತ್ತಾರೆ. ಆಗುವುದು ಸಾಮಾನ್ಯವಾಗಿ ಇನ್ನೂ ಸರಳ. ಅದೇ ಕಾರ್ಖಾನೆಗೆ ಇನ್ನೊಬ್ಬ ಅಕೌಂಟೆಂಟ್ ಬೇಕಾಗಿರುತ್ತದೆ. ಎಚ್‌ಆರ್ 'ಟ್ಯಾಲಿ, ಜಿಎಸ್‌ಟಿ, ಪೀಣ್ಯ' ಎಂದು ಹುಡುಕುತ್ತಾರೆ. ಮೇಲೆಯೇ ಕಾಣುವುದು ನಿನ್ನೆ ರಾತ್ರಿ ಹೊಸದಾಗಿ ತಿದ್ದಿದ ನಮ್ಮಾಕೆಯ ಪ್ರೊಫೈಲ್! ಇತ್ತೀಚೆಗೆ ತಿದ್ದಿದ ಪ್ರೊಫೈಲ್‌ಗಳು ಇಂಥ ಹುಡುಕಾಟದಲ್ಲಿ ಮುಂದೆ ಬರುತ್ತವೆ, ಆ ಅನುಕೂಲ ಎರಡೂ ಕಡೆ ಕೊಯ್ಯುತ್ತದೆ.

ಇದಕ್ಕೊಂದು ಮದ್ದಿದೆ. ಸೆಟ್ಟಿಂಗ್ಸ್‌ನಲ್ಲಿ ನಿರ್ದಿಷ್ಟ ಕಂಪನಿಗಳಿಗೆ ಪ್ರೊಫೈಲ್ ಕಾಣದಂತೆ ತಡೆಯುವ ಸೌಲಭ್ಯ ಇರುತ್ತದೆ. ರೆಸ್ಯೂಮೆ ಏರಿಸುವ ಮೊದಲೇ ಅಲ್ಲಿ ಈಗಿನ ಕಂಪನಿಯ ಹೆಸರು ಹಾಕಬೇಕು. ಒಂದೇ ಹೆಸರು ಸಾಲದು. ಮಾಲೀಕರ ಸೋದರ ಸಂಸ್ಥೆ, ಅವರ ಮಗ ನಡೆಸುವ ಟ್ರೇಡಿಂಗ್ ಕಂಪನಿ, ಕಾರ್ಖಾನೆಯ ಹಳೆಯ ಹೆಸರು ಇವೆಲ್ಲವನ್ನೂ ಒಂದೊಂದಾಗಿ ಸೇರಿಸಬೇಕು. ಇಷ್ಟಾದರೂ ಒಂದು ಕಿಂಡಿ ಉಳಿಯುತ್ತದೆ. ಕಾರ್ಖಾನೆಗೆ ಜನ ಒದಗಿಸುವ ಕನ್ಸಲ್ಟೆನ್ಸಿಗಳು ತಮ್ಮದೇ ಹೆಸರಿನಲ್ಲಿ ಹುಡುಕುತ್ತವೆ, ಅವುಗಳಿಗೆ ಈ ತಡೆ ತಾಗುವುದಿಲ್ಲ.

ಅದಕ್ಕಾಗಿಯೇ ಕನ್ಸಲ್ಟೆನ್ಸಿಯವರ ಜೊತೆ ಮಾತಾಡುವಾಗ ಒಂದು ನಿಯಮ ಇಟ್ಟುಕೊಳ್ಳಬೇಕು. "ಪ್ರತಿಷ್ಠಿತ ಕಂಪನಿಗೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ" ಎಂದು ಹೆಸರು ಮುಚ್ಚಿಟ್ಟ ಜಾಹೀರಾತು ಕಂಡರೆ, ಅದು ತನ್ನದೇ ಕಂಪನಿಯದ್ದೂ ಆಗಿರಬಹುದು. ತನ್ನ ಕುರ್ಚಿಗೇ ತಾನು ಅರ್ಜಿ ಹಾಕಿದಂತಾಗಬಾರದು. ಕಂಪನಿಯ ಹೆಸರು ಕೇಳಿ ತಿಳಿದ ಮೇಲಷ್ಟೇ ರೆಸ್ಯೂಮೆ ಕಳಿಸಬೇಕು. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಆದ್ದರಿಂದ ಇದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದೇ ಕಳಿಸುವುದು ಒಳ್ಳೆಯದು: "ನನ್ನ ರೆಸ್ಯೂಮೆಯನ್ನು ಯಾವ ಕಂಪನಿಗೆ ಕಳಿಸುವ ಮೊದಲೂ ದಯವಿಟ್ಟು ನನ್ನನ್ನು ಕೇಳಿ." ಒಳ್ಳೆಯ ಕನ್ಸಲ್ಟೆಂಟ್ ಇದಕ್ಕೆ ಬೇಸರಿಸುವುದಿಲ್ಲ. ಹೆಸರು ಹೇಳಲು ಒಪ್ಪದವರನ್ನು ಬಿಟ್ಟುಬಿಡುವುದೇ ಲೇಸು.

ಲಿಂಕ್ಡ್‌ಇನ್‌ನಲ್ಲಿ 'ಓಪನ್ ಟು ವರ್ಕ್' ಎಂದು ಹಾಕಿಕೊಳ್ಳಲು ಎರಡು ಬಗೆಯಿದೆ. ಒಂದರಲ್ಲಿ ಫೋಟೋ ಸುತ್ತ ಹಸಿರು ಚೌಕಟ್ಟು ಬಂದು ಊರಿಗೆಲ್ಲ ತಿಳಿಯುತ್ತದೆ. ಇನ್ನೊಂದರಲ್ಲಿ ನೇಮಕಾತಿ ಮಾಡುವವರಿಗೆ ಮಾತ್ರ ಕಾಣುತ್ತದೆ. ಈ ಎರಡನೆಯದರಲ್ಲಿ ಈಗಿನ ಕಂಪನಿಯ ನೇಮಕಾತಿಯವರಿಗೆ ಕಾಣದಂತೆ ನೋಡಿಕೊಳ್ಳಲು ಯತ್ನಿಸುತ್ತೇವೆ, ಆದರೆ ಪೂರ್ತಿ ಗೋಪ್ಯತೆಯ ಖಾತರಿ ಕೊಡಲಾರೆವು ಎಂದು ಲಿಂಕ್ಡ್‌ಇನ್ ತಾನೇ ಹೇಳುತ್ತದೆ. ಚಿಕ್ಕ ವಲಯದಲ್ಲಿರುವವರು ಆ ಗುಂಡಿಯ ಗೊಡವೆಗೇ ಹೋಗದೆ, ಬೇಕಾದ ಕಂಪನಿಗಳಿಗೆ ನೇರವಾಗಿ ಅರ್ಜಿ ಹಾಕುವುದು ವಾಸಿ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಆಫೀಸಿನ ಕಂಪ್ಯೂಟರ್. ರೆಸ್ಯೂಮೆಯನ್ನು ಅದರಲ್ಲಿ ಟೈಪ್ ಮಾಡಬಾರದು, ಆಫೀಸಿನ ಪ್ರಿಂಟರಿನಲ್ಲಿ ತೆಗೆಯಬಾರದು ಎಂಬುದು ಎಲ್ಲರಿಗೂ ಗೊತ್ತು. ಮರೆತುಹೋಗುವುದು ವಾಟ್ಸ್‌ಆ್ಯಪ್ ವೆಬ್. ಬಿಲ್ಲುಗಳ ಫೋಟೋ ಇಳಿಸಿಕೊಳ್ಳಲೆಂದು ಅಕೌಂಟ್ಸ್‌ನವರು ಅದನ್ನು ದಿನವಿಡೀ ತೆರೆದಿಟ್ಟಿರುತ್ತಾರೆ. ಮಾಲೀಕರು ಪಕ್ಕದಲ್ಲಿ ನಿಂತು ಬ್ಯಾಲೆನ್ಸ್ ನೋಡುತ್ತಿರುವಾಗಲೇ ಪರದೆಯ ಮೂಲೆಯಲ್ಲಿ "ಮೇಡಂ, ಇಂಟರ್‌ವ್ಯೂ ಕನ್ಫರ್ಮ್ ಆಗಿದೆ" ಎಂದು ಮೂಡಿದರೆ ಮುಂದೆ ಹೇಳುವುದೇನೂ ಉಳಿಯುವುದಿಲ್ಲ. ಹುಡುಕಾಟ ನಡೆಯುವಷ್ಟು ದಿನ ಆ ಕಂಪ್ಯೂಟರಿನಿಂದ ಸ್ವಂತ ನಂಬರನ್ನು ಲಾಗ್ಔಟ್ ಮಾಡಿಡಬೇಕು.

ದಾಖಲೆಗಳ ವಿಷಯದಲ್ಲಿ ಗೆರೆ ಸ್ಪಷ್ಟವಾಗಿದೆ. ತನ್ನ ನೇಮಕಾತಿ ಪತ್ರ, ಕಡೆಯ ಮೂರು ತಿಂಗಳ ಸಂಬಳ ಚೀಟಿ, ಫಾರಂ 16 ಇವು ತನ್ನವು. ಹುಡುಕಾಟ ಆರಂಭಿಸುವ ಮೊದಲೇ, ಯಾವ ಅವಸರವೂ ಇಲ್ಲದಾಗ ಇವನ್ನು ಮನೆಯಲ್ಲಿ ಜೋಡಿಸಿಟ್ಟುಕೊಳ್ಳಬೇಕು. ಆದರೆ "ನಾನು ಮಾಡಿದ ಕೆಲಸ ನೋಡಿ" ಎಂದು ಕಂಪನಿಯ ಎಂಐಎಸ್ ಶೀಟನ್ನೋ ಗ್ರಾಹಕರ ಬಾಕಿ ಪಟ್ಟಿಯನ್ನೋ ಸಂದರ್ಶನಕ್ಕೆ ಒಯ್ಯುವುದು ನಂಬಿಕೆದ್ರೋಹ. ಎದುರಿಗೆ ಕೂತ ಅನುಭವಿಗಳು ಅದನ್ನು ಮೆಚ್ಚುವುದೂ ಇಲ್ಲ. ಇಲ್ಲಿಂದ ಹೋಗುವಾಗ ನಮ್ಮ ಲೆಕ್ಕವನ್ನೂ ಹೀಗೆಯೇ ಒಯ್ಯುವರಲ್ಲವೇ ಎಂದು ಅವರಿಗೆ ಅನ್ನಿಸದೆ ಇರದು. ರೆಸ್ಯೂಮೆಯಲ್ಲಿ ಗ್ರಾಹಕರ ಹೆಸರು, ಬೆಲೆಗಳ ವಿವರ ಬರೆಯದೆ, ತಿಂಗಳಿಗೆ ಎಷ್ಟು ಇನ್‌ವಾಯ್ಸ್ ನೋಡಿಕೊಳ್ಳುತ್ತೇನೆ, ಯಾವ ರಿಟರ್ನ್ ಸ್ವತಃ ಸಲ್ಲಿಸುತ್ತೇನೆ ಎಂದಷ್ಟೇ ಹೇಳಿದರೆ ಕೆಲಸ ತಿಳಿದವರಿಗೆ ಅರ್ಥವಾಗುತ್ತದೆ.

ಯಾವ ದಿನ, ಯಾವ ಹೊತ್ತು

ಕನ್ಸಲ್ಟೆಂಟ್‌ಗಳ ಫೋನು ಬರುವುದು ಬೆಳಿಗ್ಗೆ ಹನ್ನೊಂದೂವರೆಗೆ. ಎದ್ದು ಮೆಟ್ಟಿಲ ಕೆಳಗೆ ಹೋಗಿ ಪಿಸುಮಾತಾಡುವುದು ದಿನವೂ ನಡೆದರೆ ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಾಗುತ್ತದೆ. ಕರೆ ಕಟ್ ಮಾಡಿ "ಡ್ಯೂಟಿಯಲ್ಲಿದ್ದೇನೆ. ಸಂಜೆ 7ರ ನಂತರ ಮಾತಾಡಬಹುದೇ?" ಎಂದು ಸಂದೇಶ ಹಾಕಿದರೆ ಮುಗಿಯಿತು. ಮೊದಲ ಸುತ್ತು ಫೋನಿನಲ್ಲೋ ವಿಡಿಯೊದಲ್ಲೋ ನಡೆಯುವುದಾದರೆ ಅದನ್ನೂ ಸಂಜೆಗೆ ಅಥವಾ ಬೆಳಿಗ್ಗೆ ಎಂಟಕ್ಕೆ ಕೇಳಬಹುದು. ಕೆಲಸದಲ್ಲಿರುವವರು ಹೀಗೆ ಕೇಳುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಮುಖಾಮುಖಿ ಸಂದರ್ಶನ ಬಂದಾಗ ದಿನ ಆರಿಸುವುದರಲ್ಲಿ ಜಾಣ್ಮೆ ಬೇಕು. ಅಕೌಂಟ್ಸ್‌ನವರ ತಿಂಗಳಿಗೆ ತನ್ನದೇ ಏರಿಳಿತವಿದೆ. ಏಳನೇ ತಾರೀಖಿನೊಳಗೆ ಟಿಡಿಎಸ್ ಕಟ್ಟಬೇಕು. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕಂಪನಿಗಳು ಹನ್ನೊಂದಕ್ಕೆ ಜಿಎಸ್‌ಟಿಆರ್-1 ಸಲ್ಲಿಸಬೇಕು. ಹದಿನೈದಕ್ಕೆ ಪಿಎಫ್ ಮತ್ತು ಇಎಸ್‌ಐ, ಇಪ್ಪತ್ತಕ್ಕೆ ತೆರಿಗೆ ಕಟ್ಟಿ ಜಿಎಸ್‌ಟಿಆರ್-3ಬಿ. ತಿಂಗಳ ಕೊನೆಗೆ ಸಂಬಳ ಮತ್ತು ಸ್ಟಾಕ್ ಲೆಕ್ಕ. ಹತ್ತೊಂಬತ್ತನೇ ತಾರೀಖು ಆಕೆ ಅರ್ಧ ದಿನ ಕಾಣದಿದ್ದರೆ ಮಾಲೀಕರೇ ಫೋನು ಮಾಡುತ್ತಾರೆ, ಸಂದರ್ಶನದ ಕೋಣೆಯಲ್ಲಿ ಕೂತ ಆಕೆಯ ಕೈಯಲ್ಲಿ ಅದು ನಡುಗುತ್ತಿರುತ್ತದೆ. ಅದೇ ಇಪ್ಪತ್ತೊಂದರಿಂದ ಇಪ್ಪತ್ತಾರರ ನಡುವೆ ರಜೆ ಹಾಕಿದರೆ "ಪಾಪ, ರಿಟರ್ನ್ ಮುಗಿಸಿ ಉಸಿರು ಬಿಡುತ್ತಿದ್ದಾಳೆ" ಎಂದು ಎಲ್ಲರಿಗೂ ಅನ್ನಿಸುತ್ತದೆ. ಆ ದಿನ ಯಾರ ಕೆಲಸವೂ ನಿಲ್ಲುವುದಿಲ್ಲ, ಆದ್ದರಿಂದ ಯಾರೂ ಪ್ರಶ್ನೆ ಕೇಳುವುದಿಲ್ಲ. ಗುಟ್ಟು ಉಳಿಯುವುದಕ್ಕೆ ಒಳ್ಳೆಯ ನೆಪಕ್ಕಿಂತ ಇಂಥ ದಿನವೇ ಹೆಚ್ಚು ನೆರವಾಗುತ್ತದೆ.

ತಿಂಗಳುಗಳಲ್ಲೂ ಹೀಗೆಯೇ. ಸೆಪ್ಟೆಂಬರ್ ಟ್ಯಾಕ್ಸ್ ಆಡಿಟ್‌ನ ಕಾಲ, ಮಾರ್ಚ್ ವರ್ಷದ ಕೊನೆ, ಜನವರಿ ಮತ್ತು ಜುಲೈಗಳ ಕೊನೆಗೆ ಮೂರು ತಿಂಗಳ ಟಿಡಿಎಸ್ ರಿಟರ್ನ್. ಇವೆಲ್ಲ ನೋಡಿದರೆ ನವೆಂಬರಿನ ಕೊನೆಯ ಭಾಗ ಹಗುರ. ಆಕೆ ಅದನ್ನೇ ಆರಿಸಿಕೊಂಡಳು ಎಂದಿಟ್ಟುಕೊಳ್ಳೋಣ.

ಇನ್ನು ಹೊತ್ತು. ಕಾರ್ಖಾನೆಯಲ್ಲಿ ತಿಂಗಳಿಗೊಂದು ಎರಡು ಗಂಟೆಯ ಪರ್ಮಿಷನ್ ಸಿಗುತ್ತದೆ. ಪೀಣ್ಯದಿಂದ ಬೊಮ್ಮಸಂದ್ರಕ್ಕೆ ಅದು ಸಾಲದು. ನಮ್ಮ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಹೋಗಿ, ಅಲ್ಲಿ ಬದಲಿಸಿ ಬೊಮ್ಮಸಂದ್ರ ಮುಟ್ಟಬಹುದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಭಯ ತಪ್ಪಿದೆ. ಆದರೂ ಗೇಟಿನಿಂದ ಗೇಟಿಗೆ ಒಂದೂವರೆಯಿಂದ ಎರಡು ಗಂಟೆ ಇಟ್ಟುಕೊಳ್ಳಬೇಕು. ಹಾಗಾಗಿ ಅರ್ಧ ದಿನದ ರಜೆ, ಅದೂ ಮಧ್ಯಾಹ್ನದ ಅರ್ಧ. ಬೆಳಗಿನ ಅರ್ಧ ತೆಗೆದುಕೊಂಡರೆ ಮಧ್ಯಾಹ್ನ ಮರಳಿ ಪಂಚ್ ಮಾಡಬೇಕು. ಕಾರ್ಖಾನೆಗಳಲ್ಲಿ ಹನ್ನೊಂದಕ್ಕೆ ಎಂದ ಸಂದರ್ಶನ ಡೈರೆಕ್ಟರ್ ಶಾಪ್‌ ಫ್ಲೋರಿನಿಂದ ಬರುವಷ್ಟರಲ್ಲಿ ಹನ್ನೆರಡೂವರೆ ಆಗುವುದುಂಟು. ಗಡಿಯಾರ ನೋಡುತ್ತ ಉತ್ತರ ಕೊಡುವವರ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡುವುದು ಕಷ್ಟ. ಮಧ್ಯಾಹ್ನ ಒಂದೂವರೆಗೆ ಹೊರಟು ಮೂರೂವರೆಯ ಹೊತ್ತು ಕೇಳಿಕೊಂಡರೆ ತಡವಾದರೂ ಚಿಂತೆಯಿಲ್ಲ.

ಇಂಥ ಕಂಪನಿಗಳಲ್ಲಿ ಟ್ಯಾಲಿ ಮತ್ತು ಎಕ್ಸೆಲ್ ಪರೀಕ್ಷೆ, ಅಕೌಂಟ್ಸ್ ಮ್ಯಾನೇಜರ್ ಜೊತೆ ಒಂದು ಸುತ್ತು, ಆಮೇಲೆ ಡೈರೆಕ್ಟರ್ ಅಥವಾ ಎಚ್‌ಆರ್ ಜೊತೆ ಸಂಬಳದ ಮಾತು ಹೀಗೆ ಮೂರು ಹಂತ ಇರುವುದುಂಟು. ಮೂರಕ್ಕೂ ಬೇರೆ ಬೇರೆ ದಿನ ಕರೆದರೆ ರಜೆ ಕರಗಿಹೋಗುತ್ತದೆ. ಮೊದಲೇ ಕೇಳಿಬಿಡಬೇಕು: "ಸರ್, ನಾನು ಕೆಲಸದಲ್ಲಿದ್ದೇನೆ, ಪದೇ ಪದೇ ರಜೆ ಹಾಕುವುದು ಕಷ್ಟ. ಟೆಸ್ಟ್ ಮತ್ತು ಮೊದಲ ಸುತ್ತು ಒಂದೇ ದಿನ ಮಾಡಬಹುದೇ? ಸಂಬಳದ ವಿಷಯ ಫೋನಿನಲ್ಲಿ ಮಾತಾಡೋಣ." ಅದೇ ಮಾತಿಗೆ ಇನ್ನೊಂದನ್ನೂ ಸೇರಿಸಬೇಕು: "ಈಗಿನ ಕಂಪನಿಯಲ್ಲಿ ಇನ್ನೂ ಹೇಳಿಲ್ಲ. ಆಫರ್ ಆಗುವವರೆಗೆ ದಯವಿಟ್ಟು ಅಲ್ಲಿ ವಿಚಾರಿಸಬೇಡಿ." ಕಾರ್ಖಾನೆಗಳ ಮಾಲೀಕರು ಕೈಗಾರಿಕಾ ಸಂಘದ ಸಭೆಗಳಲ್ಲಿ ಭೇಟಿಯಾಗುವವರು. ಕೆಟ್ಟ ಉದ್ದೇಶವಿಲ್ಲದೆಯೇ "ನಿಮ್ಮ ಕಡೆಯ ಒಬ್ಬರು ಬಂದಿದ್ದರು, ಹೇಗೆ?" ಎಂದು ಕೇಳಿಬಿಡಬಹುದು. ಹಿನ್ನೆಲೆ ಪರಿಶೀಲನೆಯ ಫಾರಂ ಕೊಟ್ಟಾಗ ಈಗಿನ ಕಂಪನಿಯ ಎದುರು 'ರಿಲೀವ್ ಆದ ನಂತರ ಮಾತ್ರ ಸಂಪರ್ಕಿಸಿ' ಎಂದು ಬರೆಯಬೇಕು. ಈಗಿನ ಮ್ಯಾನೇಜರ್ ಬದಲು ಹಿಂದಿನ ಕಂಪನಿಯ ಅಧಿಕಾರಿಯ ಹೆಸರು ಕೊಡಬೇಕು.

ರಜೆಯ ಲೆಕ್ಕ

ಲೆಕ್ಕ ಬರೆಯುವವರೂ ತಮ್ಮ ರಜೆಯ ಲೆಕ್ಕ ತಪ್ಪುವುದುಂಟು. ನಮ್ಮಾಕೆಯ ಖಾತೆಯಲ್ಲಿ ನವೆಂಬರಿನ ಹೊತ್ತಿಗೆ 4 ಕ್ಯಾಶುಯಲ್ ರಜೆ, 4 ಕಾಯಿಲೆ ರಜೆ, 16 ಗಳಿಕೆ ರಜೆ ಉಳಿದಿವೆ. ಮೂರೂ ರಜೆಯೇ ಆದರೂ ಅವುಗಳ ಬೆಲೆ ಒಂದೇ ಅಲ್ಲ. ಆಕೆಯ ಕಂಪನಿಯ ನಿಯಮದಂತೆ ಕ್ಯಾಶುಯಲ್ ರಜೆ ಡಿಸೆಂಬರ್ 31ಕ್ಕೆ ಸತ್ತುಹೋಗುತ್ತದೆ, ಅದಕ್ಕೆ ಹಣವಿಲ್ಲ. ಗಳಿಕೆ ರಜೆಗೆ ಕೆಲಸ ಬಿಡುವಾಗ ಹಣ ಬರುತ್ತದೆ. ಮೂಲ ವೇತನ 24,000 ಇದ್ದು ಮೂವತ್ತರಿಂದ ಭಾಗಿಸುವ ಪದ್ಧತಿಯಿದ್ದರೆ ದಿನಕ್ಕೆ 800 ರೂಪಾಯಿ, 16 ದಿನಕ್ಕೆ 12,800. ಸಂದರ್ಶನಕ್ಕೆಂದು ನಾಲ್ಕು ಗಳಿಕೆ ರಜೆ ಹಾಕಿದರೆ 3,200 ರೂಪಾಯಿ ಕೈಬಿಟ್ಟಂತೆ. ಅದೇ ನಾಲ್ಕು ಕ್ಯಾಶುಯಲ್ ರಜೆ ಹೇಗೂ ಕಳೆದುಹೋಗುವಂಥವು. ಕೆಲವು ಕಡೆ ಉಳಿದ ಗಳಿಕೆ ರಜೆಯನ್ನು ನೋಟಿಸ್ ದಿನಗಳಿಗೆ ವಜಾ ಮಾಡಿಕೊಳ್ಳಲೂ ಬಿಡುತ್ತಾರೆ. ಇದು ಕಂಪನಿಯಿಂದ ಕಂಪನಿಗೆ ಬೇರೆ. ನೇಮಕಾತಿ ಪತ್ರವನ್ನೂ ರಜೆ ನಿಯಮವನ್ನೂ ಹುಡುಕಾಟಕ್ಕೆ ಮೊದಲೇ ಓದಿಕೊಳ್ಳಬೇಕು.

ಕಾಯಿಲೆ ರಜೆಯನ್ನು ಇದಕ್ಕೆ ಬಳಸಲೇಬಾರದು. ವೈದ್ಯರ ಚೀಟಿ ಕೇಳಬಹುದು, ಸುಳ್ಳು ಚೀಟಿ ಕೊಟ್ಟರೆ ಅದೇ ಶಿಸ್ತುಕ್ರಮಕ್ಕೆ ಕಾರಣವಾಗಬಹುದು. ಜ್ವರ ಎಂದವರನ್ನು ಮೆಟ್ರೊದಲ್ಲಿ ಇಸ್ತ್ರಿ ಮಾಡಿದ ಸೀರೆಯಲ್ಲಿ ಯಾರಾದರೂ ಕಂಡರೆ ಏನು ಹೇಳುವುದು? ಅಜ್ಜಿಗೆ ಹುಷಾರಿಲ್ಲ ಎನ್ನುವುದೂ ಬೇಡ. ನಮ್ಮ ಜನ ಮರುದಿನ ಅಕ್ಕರೆಯಿಂದ ಅಜ್ಜಿಯನ್ನು ವಿಚಾರಿಸುತ್ತಾರೆ, ಒಂದು ಸುಳ್ಳಿಗೆ ವಾರವಿಡೀ ಉತ್ತರ ಕೊಡಬೇಕಾಗುತ್ತದೆ. ಕ್ಯಾಶುಯಲ್ ರಜೆ ಅರ್ಜಿಯಲ್ಲಿ 'ಸ್ವಂತ ಕೆಲಸ' ಎಂದು ಬರೆದರೆ ಸಾಕು. ಅದು ನಿಜವೂ ಹೌದು.

ಆಕೆಯ ಹಂಚಿಕೆ ಹೀಗಿತ್ತು. ನವೆಂಬರ್ 21ರ ನಂತರದ ವಾರದಲ್ಲಿ ಒಂದು ಮಧ್ಯಾಹ್ನ ಅರ್ಧ ದಿನ, ಪರೀಕ್ಷೆ ಮತ್ತು ಮೊದಲ ಸುತ್ತಿಗೆ. ನಾಲ್ಕು ದಿನ ಬಿಟ್ಟು ಇನ್ನೊಂದು ಅರ್ಧ ದಿನ, ಡೈರೆಕ್ಟರ್ ಭೇಟಿಗೆ. ಒಟ್ಟು ಒಂದು ರಜೆ ಖರ್ಚು. ಎರಡನ್ನೂ ಎರಡು ಮೂರು ದಿನ ಮೊದಲೇ ಬರೆದುಕೊಟ್ಟಳು. ಎರಡೂ ಒಂದೇ ವಾರದ ದಿನ ಬೀಳದಂತೆ ನೋಡಿಕೊಂಡಳು, ಏಕೆಂದರೆ ಪ್ರತಿ ಮಂಗಳವಾರ ಮಧ್ಯಾಹ್ನ ಇಲ್ಲವಾಗುವವರನ್ನು ಹಾಜರಿ ಪಟ್ಟಿಯೇ ತೋರಿಸಿಕೊಡುತ್ತದೆ. ಉಳಿದ ಮೂರು ರಜೆಯನ್ನು ಇನ್ನೊಂದು ಕಂಪನಿಯ ಕರೆ ಬಂದರೆ ಇರಲಿ ಎಂದು ಇಟ್ಟುಕೊಂಡಳು.

ಜನವರಿಯಲ್ಲಿ ಹುಡುಕುವವರು ಒಂದು ಬಲೆ ನೋಡಿಕೊಳ್ಳಬೇಕು. ಹೊಸ ವರ್ಷದ ರಜೆಯೆಲ್ಲ ಒಮ್ಮೆಲೇ ಖಾತೆಗೆ ಬಿದ್ದು ಕಾಣುತ್ತದೆ. ಅದರಲ್ಲಿ ಐದಾರು ಬಳಸಿ ಫೆಬ್ರುವರಿಯಲ್ಲಿ ಹೊರಟರೆ, ಕೆಲಸ ಮಾಡಿದ ತಿಂಗಳಿಗೆ ತಕ್ಕಷ್ಟು ಮಾತ್ರ ಒಪ್ಪಿ ಹೆಚ್ಚಿನದನ್ನು ಕೊನೆಯ ಸಂಬಳದಲ್ಲಿ ಮುರಿಯುವ ಪದ್ಧತಿ ಹಲವೆಡೆ ಇದೆ.

ಆಫರ್ ಬಂದ ಮೇಲೆ

"ನೀವು ಆಯ್ಕೆಯಾಗಿದ್ದೀರಿ" ಎಂಬ ಫೋನು ಆಫರ್ ಅಲ್ಲ. ಸಂಬಳದ ವಿಂಗಡಣೆ, ಹುದ್ದೆ, ಸೇರುವ ತಾರೀಖು ಇರುವ ಪತ್ರ ಮೇಲ್‌ಗೆ ಬರಬೇಕು. ಅಲ್ಲಿಯವರೆಗೆ ರಾಜೀನಾಮೆಯ ಮಾತು ಬೇಡ. ನೋಟಿಸ್ ಎಷ್ಟು ಎಂದು ಕೇಳಿದಾಗ 60 ದಿನ ಎಂದೇ ಹೇಳಬೇಕು. ಕೆಲಸ ಸಿಗಲೆಂದು "ಮೂವತ್ತಕ್ಕೆ ಬಿಡಿಸಿಕೊಂಡು ಬರುತ್ತೇನೆ" ಎಂದವರು ಆಮೇಲೆ ಎರಡೂ ಕಡೆ ಸಿಕ್ಕಿಕೊಳ್ಳುತ್ತಾರೆ. ಹೊಸ ಕಂಪನಿಗೆ ಅವಸರವಿದ್ದರೆ ಉಳಿದ ದಿನಗಳ ಹಣ ಕಟ್ಟಿ ಬಿಡಿಸಿಕೊಳ್ಳುವ ಮಾತಾಡಬಹುದು. ಆ ಹಣ ಮೂಲ ವೇತನದ ಮೇಲೋ ಪೂರ್ತಿ ಸಂಬಳದ ಮೇಲೋ ಎಂಬುದು ನೇಮಕಾತಿ ಪತ್ರದಲ್ಲಿರುತ್ತದೆ.

ಇದರ ನಡುವೆ ಗುಟ್ಟು ಬಯಲಾಗಿದೆಯೇ ಎಂಬ ಅನುಮಾನ ಬರಬಹುದು. ಇದ್ದಕ್ಕಿದ್ದಂತೆ ಕಿರಿಯರಿಗೆ ನಿಮ್ಮ ಕೆಲಸ ಕಲಿಸಲು ಹೇಳುವುದು, ಬ್ಯಾಂಕ್ ಪಾಸ್‌ವರ್ಡ್ ಬದಲಾಗುವುದು, ಅರ್ಧ ದಿನದ ರಜೆಗೂ ಕಾರಣ ಕೇಳುವುದು ಇವು ಸುಳಿವುಗಳು. ಇವಕ್ಕೆ ಬೇರೆ ಕಾರಣವೂ ಇರಬಹುದು, ಹೆದರಿ ತಾವಾಗಿಯೇ ಒಪ್ಪಿಕೊಳ್ಳುವುದು ಬೇಡ. ಮಾಲೀಕರು ನೇರವಾಗಿ ಕೇಳಿದರೆ ಇಲ್ಲವೇ ಇಲ್ಲ ಎಂದು ಆಣೆ ಹಾಕುವುದೂ ಬೇಡ, ಎರಡು ವಾರದಲ್ಲಿ ರಾಜೀನಾಮೆ ಕೊಟ್ಟಾಗ ಆ ಸುಳ್ಳೇ ನೆನಪಿನಲ್ಲಿ ಉಳಿಯುತ್ತದೆ. "ಒಳ್ಳೆ ಅವಕಾಶ ಬಂದರೆ ಯಾರೂ ಯೋಚಿಸುತ್ತಾರೆ ಸರ್. ತೀರ್ಮಾನವಾದ ದಿನ ಮೊದಲು ನಿಮಗೇ ಹೇಳುತ್ತೇನೆ" ಎಂದರೆ ಅದು ಸತ್ಯ, ಮತ್ತು ಅಷ್ಟು ಸತ್ಯ ಸಾಕು.

ಆ ಮಾತನ್ನು ಉಳಿಸಿಕೊಳ್ಳಬೇಕು ಕೂಡ. ನಮ್ಮಾಕೆ ಡಿಸೆಂಬರ್ 5ರಂದು ಮಾಲೀಕರ ಕೋಣೆಗೆ ಹೋಗಿ ಹೇಳಿದಳು, ಅದೇ ದಿನ ಮೇಲ್ ಕಳಿಸಿದಳು. ಮರುದಿನದಿಂದ ಎಣಿಸಿದರೆ 60 ದಿನ ಮುಗಿಯುವುದು ಫೆಬ್ರುವರಿ 3ಕ್ಕೆ. ಜನವರಿ 31ರ ಟಿಡಿಎಸ್ ರಿಟರ್ನ್ ಆಕೆಯ ಕೈಯಲ್ಲೇ ಮುಗಿಯುತ್ತದೆ, ಮಾಲೀಕರಿಗೆ ಅದೊಂದು ಸಮಾಧಾನ. ನೋಟಿಸ್ ಅವಧಿಯಲ್ಲಿ ಹಾಕಿದ ರಜೆಯಷ್ಟು ದಿನ ಕೊನೆಯ ದಿನಾಂಕ ಮುಂದೆ ಹೋಗುವುದು ಹಲವು ಕಡೆಯ ನಿಯಮ. ಆದ್ದರಿಂದ ಹೊಸ ಕಂಪನಿಯ ವೈದ್ಯಕೀಯ ತಪಾಸಣೆಯನ್ನು ಆಕೆ ರಾಜೀನಾಮೆ ಕೊಡುವ ಮೊದಲೇ ಒಂದು ಭಾನುವಾರ ಮುಗಿಸಿಕೊಂಡಿದ್ದಳು.

ಎಲ್ಲಿಗೆ ಹೋಗುತ್ತಿದ್ದೀಯ ಎಂದು ಮೊದಲ ದಿನವೇ ಎಲ್ಲರೂ ಕೇಳಿದರು. ಬೊಮ್ಮಸಂದ್ರದ ಕಡೆ ಎಂದಷ್ಟೇ ಹೇಳಿದಳು. ಕಂಪನಿಯ ಹೆಸರನ್ನು ರಿಲೀವಿಂಗ್ ಪತ್ರ ಕೈಗೆ ಬಂದು, ಹೊಸ ಗೇಟಿನಲ್ಲಿ ಬೆರಳಚ್ಚು ನೋಂದಾಯಿಸುವವರೆಗೆ ಯಾರಿಗೂ ಹೇಳಲಿಲ್ಲ. ಎರಡು ಕಂಪನಿಗಳ ಮಾಲೀಕರು ಒಂದು ಫೋನಿನಲ್ಲಿ ಮಾತಾಡಿ ಒಬ್ಬ ನೌಕರರ ಸೇರ್ಪಡೆ ನಿಲ್ಲಿಸಬಹುದಾದ ಸಮಯ ಈ ಅರವತ್ತು ದಿನವೇ.